ಹತ್ತು ದಿನ ಹಳೆಯ ಸುದ್ದಿ

ಆಸ್ಟ್ರೇಲಿಯಾದ ಕುರಿ ಸಾಕಣೆದಾರರಿಗೆ ಲೂಸಿಲಿಯಾ ಕುಪ್ರಿನಾ ಎಂಬ ನೊಣ ದೊಡ್ಡ ಪೀಡೆ. ಹಸಿರು-ತಾಮ್ರದ ಬಣ್ಣದಲ್ಲಿ ಮಿರುಗುವ ಈ ನೊಣ ಒದ್ದೆಯಾಗಿ ಕೊಳೆತ ಉಣ್ಣೆಯ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬಂದ ಹುಳುಗಳು ಬದುಕಿರುವ ಕುರಿಯ ಚರ್ಮವನ್ನೇ ತಿನ್ನತೊಡಗುತ್ತವೆ. ಕ್ಯಾನ್‌ಬೆರಾದ ಸರ್ಕಾರಿ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರ ವಿಭಾಗದಲ್ಲಿ ಎ. ಜೆ. ನಿಕಲ್ಸನ್ ಇದೇ ನೊಣವನ್ನು ಪಂಜರದಲ್ಲಿ ಸಾಕಿದರು. ಅವರಿಗೆ ಬೇಕಿದ್ದದ್ದು ನೊಣವನ್ನು ಕೊಲ್ಲುವ ಮದ್ದಲ್ಲ. ಒಂದು ಜೀವಿಯ ಸಂಖ್ಯೆಯನ್ನು ಹಿಡಿತದಲ್ಲಿಡುವುದು ಯಾವುದು ಎಂಬ ಪ್ರಶ್ನೆ ಅವರನ್ನು ಬಹುಕಾಲದಿಂದ ಕಾಡುತ್ತಿತ್ತು. ಮಳೆ, ಬಿಸಿಲು, ಚಳಿಗಳೇ ಸಂಖ್ಯೆಯನ್ನು ನಿರ್ಧರಿಸುತ್ತವೆ ಎಂದು ಆ ಕಾಲದ ಕೆಲವರು ವಾದಿಸುತ್ತಿದ್ದರು. ಸಂಖ್ಯೆ ಹೆಚ್ಚಾದಾಗ ಹುಟ್ಟುವ ಪೈಪೋಟಿಯೇ ಸಂಖ್ಯೆಗೆ ಕಡಿವಾಣ ಎಂಬುದು ನಿಕಲ್ಸನ್ ಅವರ ನಿಲುವು.

1950ರ ದಶಕದಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಒಂದು ಬಹಳ ಸರಳ. ಪಂಜರದ ತಾಪಮಾನ ಸದಾ ಒಂದೇ. ನೊಣಗಳಿಗೆ ನೀರು, ಸಕ್ಕರೆ ಬೇಕಾದಷ್ಟು. ಮರಿಹುಳುಗಳಿಗೂ ಆಹಾರಕ್ಕೆ ಬರವಿಲ್ಲ. ಕೈಬಿಗಿ ಹಿಡಿದದ್ದು ಒಂದೇ ವಸ್ತುವಿನಲ್ಲಿ: ಬೆಳೆದ ನೊಣಗಳಿಗೆ ದಿನಕ್ಕೆ ಅರ್ಧ ಗ್ರಾಂ ಅರೆದ ಲಿವರ್. ಹೆಣ್ಣು ನೊಣ ಬದುಕಿರಲು ಸಕ್ಕರೆ ಸಾಕು, ಆದರೆ ಮೊಟ್ಟೆ ಕಟ್ಟಲು ಪ್ರೋಟೀನ್ ಬೇಕು. ಅದು ಸಿಗುವುದು ಈ ಲಿವರ್‌ನಿಂದ ಮಾತ್ರ. ಎರಡು ದಿನಕ್ಕೊಮ್ಮೆ ನೊಣಗಳ ಲೆಕ್ಕ ಬರೆದಿಡುತ್ತಾ ಸುಮಾರು ಎರಡು ವರ್ಷ ಕಳೆದರು.

ದಿನವೂ ಒಂದೇ ಅಳತೆಯ ಆಹಾರ ಬೀಳುವ ಕಡೆ, ನೊಣಗಳ ಸಂಖ್ಯೆಯೂ ಏರಿ ಏರಿ ಒಂದು ಮಟ್ಟದಲ್ಲಿ ನಿಲ್ಲಬೇಕು ಎಂದೇ ಯಾರಾದರೂ ಊಹಿಸಿಯಾರು. ಪಂಜರದಲ್ಲಿ ಆದದ್ದು ಬೇರೆ. ಸಂಖ್ಯೆ ಹಲವು ಸಾವಿರಕ್ಕೆ ಏರಿತು, ಕುಸಿದು ಬಹುತೇಕ ಬರಿದಾಯಿತು, ಮತ್ತೆ ಏರಿತು, ಮತ್ತೆ ಕುಸಿಯಿತು. ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಸುಮಾರು 38 ದಿನ. ಅಲ್ಲಿ ಋತುಗಳಿರಲಿಲ್ಲ, ನೊಣ ಹಿಡಿಯುವ ಹಲ್ಲಿ-ಜೇಡಗಳಿರಲಿಲ್ಲ, 38 ದಿನಕ್ಕೊಮ್ಮೆ ಬದಲಾಗುವ ಯಾವ ಸಂಗತಿಯೂ ಪಂಜರದ ಒಳಗಾಗಲೀ ಹೊರಗಾಗಲೀ ಇರಲಿಲ್ಲ. ಹಾಗಿದ್ದರೆ ಈ 38 ಎಲ್ಲಿಂದ ಬಂತು?

ಮೊಟ್ಟೆಗಳ ಲೆಕ್ಕವನ್ನೂ ನೋಡಿದಾಗ ಕತೆ ಬಿಚ್ಚಿಕೊಳ್ಳುತ್ತದೆ. ಪಂಜರದಲ್ಲಿ ಸಾವಿರಾರು ನೊಣಗಳಿದ್ದಾಗ ಅರ್ಧ ಗ್ರಾಂ ಲಿವರ್ ಎಲ್ಲರ ಬಾಯಿಗೂ ತೃಣಮಾತ್ರ ಸಿಕ್ಕಿ ಯಾರ ಮೊಟ್ಟೆಗೂ ಸಾಲದಂತಾಗುತ್ತದೆ. ಮೊಟ್ಟೆ ನಿಲ್ಲುತ್ತದೆ. ಆದರೆ ಹಾಗೆ ನಿಂತ ದಿನವೇ ನೊಣಗಳ ಸಂಖ್ಯೆ ನಿಲ್ಲುವುದಿಲ್ಲ. ಎರಡು ವಾರ ಹಿಂದೆ ಇಟ್ಟ ಮೊಟ್ಟೆಗಳು ಹುಳುಗಳಾಗಿ, ಕೋಶ ಕಟ್ಟಿ, ಇಂದು ರೆಕ್ಕೆ ಬಿಚ್ಚಿ ಹೊರಬರುತ್ತಲೇ ಇರುತ್ತವೆ. ಇನ್ನು ನೊಣಗಳು ಸಾಯುತ್ತಾ ಕೆಲವೇ ನೂರು ಉಳಿದಾಗ ಲಿವರ್ ಎಲ್ಲರಿಗೂ ಧಾರಾಳ. ಮೊಟ್ಟೆಗಳ ಸುರಿಮಳೆಯಾಗುತ್ತದೆ. ಆದರೆ ಅವು ರೆಕ್ಕೆಯ ನೊಣಗಳಾಗಲು ಮತ್ತೆ ಎರಡು ವಾರ ಬೇಕು. ಅಷ್ಟರವರೆಗೆ ಪಂಜರ ಖಾಲಿಯೇ, ಆದ್ದರಿಂದ ಇನ್ನಷ್ಟು ಮೊಟ್ಟೆ. ಸಂಖ್ಯೆಗೆ ಕಡಿವಾಣ ಇದ್ದೇ ಇದೆ, ನಿಕಲ್ಸನ್ ಹೇಳಿದ್ದು ಸರಿ. ಆದರೆ ಆ ಕಡಿವಾಣವನ್ನು ಎಳೆಯುವುದೂ ಸಡಿಲಿಸುವುದೂ ಎರಡು ವಾರ ತಡವಾಗಿ.

ಈ ತಡವನ್ನು ಗಣಿತದಲ್ಲಿ ಬರೆಯುವ ಬಗೆಯೇ ವಿಳಂಬ ಅವಕಲ ಸಮೀಕರಣ. ಹೆಸರಿನ ಭಾರಕ್ಕೆ ಹೆದರಬೇಕಿಲ್ಲ. ಅವಕಲ ಸಮೀಕರಣ ಎಂದರೆ ಒಂದು ಪ್ರಮಾಣ ಈ ಕ್ಷಣದಲ್ಲಿ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂದು ಹೇಳುವ ನಿಯಮ. ಜೀವಿಗಳ ಸಂಖ್ಯೆಗೆ ಇಂಥ ನಿಯಮವನ್ನು ಬೆಲ್ಜಿಯಂನ ಫೆರ್‌ಹುಲ್ಸ್ಟ್ 1838ರಲ್ಲೇ ಕೊಟ್ಟಿದ್ದ:

dN/dt = r N(t) [1 − N(t)/K]

ಇಲ್ಲಿ N ಎಂದರೆ ಸಂಖ್ಯೆ. K ಎಂದರೆ ಆ ನೆಲೆಯ ಆಹಾರ ಎಷ್ಟು ಜೀವಿಗಳನ್ನು ಸಾಕಬಲ್ಲದೋ ಆ ಸಮತೋಲದ ಮಟ್ಟ. r ಎಂದರೆ ಜಾಗ ಖಾಲಿ ಇದ್ದಾಗ ತಲಾ ದಿನಕ್ಕೆ ಎಷ್ಟು ಬೆಳವಣಿಗೆ ಎಂಬ ದರ. ಸಂಖ್ಯೆ K ಹತ್ತಿರ ಬರುತ್ತಿದ್ದಂತೆ ಆವರಣದೊಳಗಿನ ಭಾಗ ಸೊನ್ನೆಯತ್ತ ಇಳಿದು ಬೆಳವಣಿಗೆ ಮೆಲ್ಲಗಾಗುತ್ತದೆ. ಈ ಸಮೀಕರಣ ಎಂದೂ ಏರಿಳಿಯುವುದಿಲ್ಲ. ಕೆಳಗಿನಿಂದ ಹೊರಟದ್ದು K ಗೆರೆಯನ್ನು ದಾಟುವುದೇ ಇಲ್ಲ. ಏಕೆಂದರೆ ಅದು ಪ್ರತಿ ಕ್ಷಣವೂ ಆ ಕ್ಷಣದ ಸಂಖ್ಯೆಯನ್ನೇ ನೋಡಿ ವೇಗ ತಗ್ಗಿಸುತ್ತದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಜಿ. ಎವೆಲಿನ್ ಹಚಿನ್ಸನ್ 1948ರಲ್ಲಿ ಇದರಲ್ಲಿ ಒಂದೇ ಒಂದು ಜಾಗ ತಿದ್ದಿದರು:

dN/dt = r N(t) [1 − N(t−τ)/K]

ಆವರಣದೊಳಗಿನ N ಈಗ ಇಂದಿನದಲ್ಲ, τ ದಿನಗಳ ಹಿಂದಿನದು. (τ ಗ್ರೀಕ್ ಅಕ್ಷರ, ಟೌ ಎಂದು ಓದುತ್ತಾರೆ.) ಬೆಳವಣಿಗೆಗೆ ಬ್ರೇಕ್ ಹಾಕುವ ಕೈಗೆ ಸಿಗುವುದು ಹಳೆಯ ಸುದ್ದಿ ಎಂದರ್ಥ. ಈ ಸಣ್ಣ ತಿದ್ದುಪಡಿಯಿಂದ ಸಮೀಕರಣದ ಸ್ವಭಾವವೇ ಬದಲಾಗುತ್ತದೆ. ಹಳೆಯ ಸಮೀಕರಣಕ್ಕೆ ಇಂದಿನ ಸಂಖ್ಯೆಯೊಂದನ್ನು ಹೇಳಿದರೆ ಸಾಕು, ಮುಂದಿನದೆಲ್ಲ ಅದೇ ಹೇಳುತ್ತದೆ. ಹೊಸದಕ್ಕೆ ಹಿಂದಿನ τ ದಿನಗಳ ಇಡೀ ದಾಖಲೆ ಬೇಕು. ಇಂದು ಎರಡು ಪಂಜರಗಳಲ್ಲೂ ಸರಿಯಾಗಿ 1,000 ನೊಣಗಳಿದ್ದರೂ, ಒಂದು ಏರುತ್ತಾ 1,000ಕ್ಕೆ ಬಂದಿದ್ದು ಇನ್ನೊಂದು ಇಳಿಯುತ್ತಾ ಬಂದಿದ್ದರೆ ಅವುಗಳ ನಾಳೆಗಳು ಬೇರೆ ಬೇರೆ.

ಇದು ಹೇಗೆ ನಡೆಯುತ್ತದೆ ಎಂದು ಅಂಕಿಗಳಲ್ಲೇ ನೋಡೋಣ. ಒಂದು ಕ್ಯಾಲ್ಕುಲೇಟರ್, ಒಂದು ಹಾಳೆ ಇದ್ದರೆ ಓದುಗರೂ ಮಾಡಬಹುದಾದ ಲೆಕ್ಕವಿದು. K ಅನ್ನು 1,000 ಎಂದಿಟ್ಟುಕೊಳ್ಳೋಣ. ವಿಳಂಬ τ 10 ದಿನ. r ದಿನಕ್ಕೆ 0.2, ಅಂದರೆ ತಡೆಯೇ ಇಲ್ಲದಿದ್ದರೆ ಸುಮಾರು ಮೂರೂವರೆ ದಿನಕ್ಕೆ ಸಂಖ್ಯೆ ಇಮ್ಮಡಿ. ಕಳೆದ ಹತ್ತು ದಿನವೂ ಪಂಜರದಲ್ಲಿ 100 ನೊಣಗಳೇ ಇದ್ದವು ಎಂದುಕೊಂಡು ಹೊರಡೋಣ.

ಮೊದಲ ಹತ್ತು ದಿನ ಬ್ರೇಕಿನ ಕೈಗೆ ಕಾಣುವುದು ಆ ಹಳೆಯ 100. ಸಾವಿರದ ಜಾಗದಲ್ಲಿ ಬರೀ ನೂರು. ಆದ್ದರಿಂದ ಹತ್ತನೇ ಒಂದು ಭಾಗ ಮಾತ್ರ ತಡೆ, ಬೆಳವಣಿಗೆಯ ದರ 0.18. ಹತ್ತನೇ ದಿನಕ್ಕೆ ಸಂಖ್ಯೆ ಸುಮಾರು 605. ಮುಂದಿನ ಹತ್ತು ದಿನ, ಈಗಷ್ಟೇ ನಾವು ಲೆಕ್ಕ ಹಾಕಿದ 100ರಿಂದ 605ರ ಏರಿಕೆಯೇ ಹಳೆಯ ಸುದ್ದಿಯಾಗಿ ಬರುತ್ತದೆ. ಹೀಗೆ ಒಂದು ಕಂತಿನ ಉತ್ತರವನ್ನು ಮುಂದಿನ ಕಂತಿಗೆ ಬಂಡವಾಳ ಮಾಡಿಕೊಂಡು ಹೋಗುವುದೇ ಈ ಸಮೀಕರಣಗಳನ್ನು ಬಿಡಿಸುವ ಮೂಲ ವಿಧಾನ. ಸುಮಾರು 13ನೇ ದಿನ ಸಂಖ್ಯೆ 1,000ದ ಗೆರೆ ದಾಟುತ್ತದೆ. ಅಂದು ಬ್ರೇಕಿನ ಕೈಗೆ ಬಂದಿರುವ ಸುದ್ದಿ ಮೂರನೇ ದಿನದ್ದು, ಆಗ ಇದ್ದದ್ದು 200ಕ್ಕಿಂತ ಕಡಿಮೆ. ಹಾಗಾಗಿ ಏರಿಕೆ ನಿಲ್ಲುವುದಿರಲಿ, ಬಿರುಸಾಗಿಯೇ ಇರುತ್ತದೆ. 20ನೇ ದಿನಕ್ಕೆ 2,550. 23ನೇ ದಿನಕ್ಕೆ ಹೆಚ್ಚುಕಡಿಮೆ 2,900, ಅದೇ ಶಿಖರ.

ಆ 23 ಆಕಸ್ಮಿಕವಲ್ಲ. ಏರಿಕೆ ನಿಂತು ಇಳಿಕೆ ಆರಂಭವಾಗುವ ಕ್ಷಣದಲ್ಲಿ ಬದಲಾವಣೆಯ ವೇಗ ಸೊನ್ನೆ. ಸಮೀಕರಣದ ಪ್ರಕಾರ ವೇಗ ಸೊನ್ನೆಯಾಗುವುದು ಹತ್ತು ದಿನ ಹಿಂದಿನ ಸಂಖ್ಯೆ ಸರಿಯಾಗಿ K ಆಗಿದ್ದಾಗ ಮಾತ್ರ. ಸಂಖ್ಯೆ 1,000 ದಾಟಿದ್ದು 13ನೇ ದಿನ, ಆದ್ದರಿಂದ ಶಿಖರ 23ನೇ ದಿನ. ಗೆರೆ ದಾಟಿದ ಸುದ್ದಿ ತಲುಪುವವರೆಗೆ ಏರಿಕೆ ನಿಲ್ಲುವುದೇ ಇಲ್ಲ. ಇಡೀ ವಿದ್ಯಮಾನದ ಕೀಲಿ ಈ ಒಂದು ಮಾತಿನಲ್ಲಿದೆ ಎಂದು ನನ್ನ ಎಣಿಕೆ. ಮಿಕ್ಕದ್ದೆಲ್ಲ ಇದರ ಬೆನ್ನಿಗೇ ಬರುತ್ತದೆ.

ಶಿಖರದಿಂದ ಸಂಖ್ಯೆ ರಭಸವಾಗಿ ಇಳಿದು ಏಳೇ ದಿನದಲ್ಲಿ, ಅಂದರೆ 30ನೇ ದಿನ, ಮತ್ತೆ 1,000ಕ್ಕೆ ಬರುತ್ತದೆ. ಈಗಲಾದರೂ ನಿಲ್ಲಬೇಡವೇ? ಈಗಿನ ಸಂಖ್ಯೆ ಸರಿಯಾಗಿ ಸಮತೋಲದ್ದೇ. ಆದರೆ ಕೈಗೆ ಬರುತ್ತಿರುವ ಸುದ್ದಿ 20ನೇ ದಿನದ 2,550, ಆಮೇಲೆ 23ನೇ ದಿನದ 2,900. ಜನಜಂಗುಳಿ ಎಂಬ ಆ ಹಳೆಯ ಸುದ್ದಿಗೆ ಬ್ರೇಕ್ ಇನ್ನಷ್ಟು ಬಿಗಿಯುತ್ತಲೇ ಹೋಗುತ್ತದೆ. ಮುಂದಿನ ಹತ್ತು ದಿನ ಇದೇ ಕತೆ. 40ನೇ ದಿನ ಇಳಿಕೆ ನಿಂತಾಗ ಪಂಜರದಲ್ಲಿ ಉಳಿದಿರುವುದು ಸುಮಾರು 70 ನೊಣ. ಅಲ್ಲಿಂದ ಮೇಲೇಳುವುದು ನಿಧಾನ, ಏಕೆಂದರೆ ಎಪ್ಪತ್ತರಿಂದ ಸಾವಿರಕ್ಕೆ ದೂರ ಬಹಳ, ಜೊತೆಗೆ ಮೊದಲ ಕೆಲವು ದಿನ ಹಳೆಯ ಜಂಗುಳಿಯ ನೆನಪು ಇನ್ನೂ ಬ್ರೇಕ್ ಒತ್ತಿಕೊಂಡೇ ಇರುತ್ತದೆ. 50ನೇ ದಿನಕ್ಕೆ 290ರ ಆಸುಪಾಸು, 57ನೇ ದಿನಕ್ಕೆ ಮತ್ತೆ 1,000. ಅಲ್ಲಿಗೆ 67ನೇ ದಿನ ಎರಡನೇ ಶಿಖರ ಎಂದು ಲೆಕ್ಕವಿಲ್ಲದೆಯೇ ಹೇಳಬಹುದು.

ಈಗ ಒಂದು ಸುತ್ತನ್ನು ಬಿಡಿಸಿ ನೋಡಿ. ಗೆರೆ ದಾಟಿ ಶಿಖರಕ್ಕೆ 10 ದಿನ, ಶಿಖರದಿಂದ ಗೆರೆಗೆ 7, ಗೆರೆಯಿಂದ ತಗ್ಗಿಗೆ ಮತ್ತೆ 10, ತಗ್ಗಿನಿಂದ ಗೆರೆಗೆ 17. ಒಟ್ಟು 44 ದಿನ. ಇವುಗಳಲ್ಲಿ ಎರಡು ಹತ್ತುಗಳು ಸಮೀಕರಣವೇ ಕಟ್ಟಿಕೊಟ್ಟವು, ಅವು ಬದಲಾಗುವಂತಿಲ್ಲ. ಅಲೆ ಸಣ್ಣದಿದ್ದರೆ ಉಳಿದ ಎರಡೂ ತುಂಡುಗಳು ಹತ್ತರ ಹತ್ತಿರವೇ ಬಂದು ಸುತ್ತು ನಲವತ್ತು ದಿನವಾಗುತ್ತದೆ, ಎಂದರೆ ವಿಳಂಬದ ನಾಲ್ಕರಷ್ಟು. ಅಲೆ ದೊಡ್ಡದಾದಂತೆ ತಗ್ಗು ಆಳವಾಗಿ, ಅಲ್ಲಿಂದ ಹತ್ತುವ ಹಾದಿ ಉದ್ದವಾಗಿ, ಸುತ್ತು ನಾಲ್ಕರಷ್ಟಕ್ಕಿಂತ ಸ್ವಲ್ಪ ಹಿಗ್ಗುತ್ತದೆ. ನಮ್ಮ ಲೆಕ್ಕದಲ್ಲಿ 4.4ರಷ್ಟು. ಪಂಜರದ ಹೊರಗೆ ಎಲ್ಲೂ ಇಲ್ಲದ ಅವಧಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಇದೇ. ಅದು ವಿಳಂಬದೊಳಗೇ ಅಡಗಿತ್ತು.

ಹಾಗಾದರೆ ವಿಳಂಬ ಇದ್ದಲ್ಲೆಲ್ಲ ಏರಿಳಿತ ಇರಲೇಬೇಕೇ? ಇಲ್ಲ. r ಮತ್ತು τ ಎರಡನ್ನೂ ಗುಣಿಸಿದರೆ ಬರುವ ಸಂಖ್ಯೆಯೇ ಇದನ್ನು ತೀರ್ಮಾನಿಸುತ್ತದೆ. ಸುದ್ದಿ ಹಳತಾಗುವಷ್ಟರಲ್ಲಿ ಸಂಖ್ಯೆ ಎಷ್ಟು ಬದಲಾಗಬಲ್ಲದು ಎಂಬುದರ ಅಳತೆ ಅದು. ಹತ್ತು ದಿನದ ವಿಳಂಬ ಆನೆಗೆ ಏನೂ ಅಲ್ಲ, ನೊಣಕ್ಕೆ ಒಂದು ಯುಗ. rτ 0.37ಕ್ಕಿಂತ ಕಡಿಮೆ ಇದ್ದರೆ ಸಂಖ್ಯೆ ನೆಟ್ಟಗೆ ಹೋಗಿ K ಸೇರುತ್ತದೆ. ಅಲ್ಲಿಂದ 1.57ರವರೆಗೆ ಗೆರೆಯ ಮೇಲೂ ಕೆಳಗೂ ತೂಗಾಡಿ, ತೂಗಾಟ ಬರಬರುತ್ತಾ ಕುಗ್ಗಿ ನಿಲ್ಲುತ್ತದೆ. 1.57 ದಾಟಿದರೆ ತೂಗಾಟ ನಿಲ್ಲುವುದೇ ಇಲ್ಲ. ನಮ್ಮ ಲೆಕ್ಕದಲ್ಲಿ rτ 2 ಇತ್ತು.

ಈ 1.57 ಎಲ್ಲಿಂದ ಬಂತು ಎಂಬುದನ್ನು ಚಿತ್ರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಾಣಬಹುದು. ಸಮತೋಲದ ಗೆರೆಯ ಹತ್ತಿರ ಸಣ್ಣ ಅಲೆಯೊಂದು ನಡೆದಿದೆ ಎಂದುಕೊಳ್ಳಿ. ಅಲ್ಲಿ ನಿಯಮ ಹೇಳುವುದಿಷ್ಟು: ಈಗಿನ ಏರಿಕೆಯ ವೇಗ, τ ದಿನದ ಹಿಂದೆ ಗೆರೆಯಿಂದ ಎಷ್ಟು ಕೆಳಗಿದ್ದೆವೋ ಅದರ r ಪಟ್ಟು. ಅಲೆ ಗೆರೆಯನ್ನು ಮೇಲಕ್ಕೆ ದಾಟುವಾಗ ಅದರ ವೇಗ ಅತಿ ಹೆಚ್ಚು, ಹಾಗಾದರೆ τ ಹಿಂದೆ ಅದು ತಗ್ಗಿನ ತಳದಲ್ಲಿ ಇದ್ದಿರಬೇಕು. ತಳದಿಂದ ಗೆರೆಗೆ ಕಾಲು ಸುತ್ತು. ಶಿಖರದಲ್ಲಿ ವೇಗ ಸೊನ್ನೆ, ಹಾಗಾದರೆ τ ಹಿಂದೆ ಗೆರೆಯ ಮೇಲೆ ಇದ್ದಿರಬೇಕು. ಅದೂ ಕಾಲು ಸುತ್ತು. ಎರಡೂ ಕಡೆ ತಾಳೆಯಾಗುತ್ತದೆ: ವಿಳಂಬ ಕಾಲು ಸುತ್ತಿನಷ್ಟಿದ್ದರೆ ಅಲೆ ತನ್ನ ಹಳೆಯ ನೆರಳನ್ನೇ ಹಿಡಿದು ಸಾಗುತ್ತದೆ. ಇನ್ನು ಅಳತೆ. 4τ ದಿನಕ್ಕೊಂದು ಸುತ್ತು ಹೊಡೆಯುವ ಅಲೆಯ ಎತ್ತರ a ಆದರೆ, ಗೆರೆ ದಾಟುವಾಗ ಅದರ ವೇಗ 2πa/4τ, ಅಂದರೆ 1.57 a/τ. ನಿಯಮ ಬೇಡುವ ವೇಗ ra. ಎರಡೂ ಸಮವಾಗಬೇಕಾದರೆ rτ = 1.57 ಆಗಬೇಕು. r ಅದಕ್ಕಿಂತ ಕಡಿಮೆಯಾದರೆ ಅಲೆಯನ್ನು ಎತ್ತಿಹಿಡಿಯುವ ಬಲ ಸಾಲದೆ ಅದು ಕುಗ್ಗುತ್ತದೆ, ಹೆಚ್ಚಾದರೆ ಹಿಗ್ಗುತ್ತದೆ.

ಸಣ್ಣ ಅಲೆಗೆ ಇದು ಸುಲಭ. ಆದರೆ ಎಷ್ಟೇ ದೊಡ್ಡ ಏರುಪೇರಿನಿಂದ ಹೊರಟರೂ 1.57ರ ಒಳಗಿದ್ದರೆ ಕೊನೆಗೆ ಶಾಂತವಾಗಿಯೇ ತೀರುತ್ತದೆಯೇ? 1955ರಲ್ಲಿ ಇ. ಎಂ. ರೈಟ್ ಎಂಬ ಬ್ರಿಟಿಷ್ ಗಣಿತಜ್ಞ ಇದೇ ಸಮೀಕರಣದ ಇನ್ನೊಂದು ರೂಪವನ್ನು ಹಿಡಿದು 1.5ರವರೆಗೆ ಹೌದು ಎಂದು ಸಾಧಿಸಿದರು. ಅವರು ಅಲ್ಲಿಗೆ ಬಂದದ್ದು ನೊಣಗಳ ದಾರಿಯಿಂದಲ್ಲ, ಅವಿಭಾಜ್ಯ ಸಂಖ್ಯೆಗಳು ಹೇಗೆ ಹರಡಿಕೊಂಡಿವೆ ಎಂಬ ಪ್ರಶ್ನೆಯಿಂದ. 1.5ರಿಂದ 1.57ರವರೆಗಿನ ಆ ಸಣ್ಣ ಸಂದಿನಲ್ಲೂ ಹಾಗೆಯೇ ಇರಬೇಕು ಎಂದು ಅವರು ಊಹಿಸಿದರು. ಆ ಸಂದು ಪೂರ್ತಿ ಮುಚ್ಚಿದ್ದು 2018ರಲ್ಲಿ, ಫಾನ್ ಡೆನ್ ಬರ್ಗ್ ಮತ್ತು ಜಾಕೆಟ್ ಅವರ ಸಾಧನೆಯಿಂದ. ಅದಕ್ಕೂ ಕಂಪ್ಯೂಟರಿನ ನೆರವು ಬೇಕಾಯಿತು.

ಮನೆಯಲ್ಲಿ ಲೆಕ್ಕ ಹಾಕಲು ಹೊರಟವರಿಗೆ ಒಂದು ಎಚ್ಚರಿಕೆ ಹೇಳಬೇಕು. ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ದಿನ ದಿನದ ಸಾಲುಗಳಾಗಿ ಇಳಿಸುವುದು ಸುಲಭ: ಪ್ರತಿ ಸಾಲಿನಲ್ಲೂ ಹತ್ತು ಸಾಲು ಮೇಲಿನ ಸಂಖ್ಯೆಯನ್ನು ನೋಡಿ ಮುಂದಿನ ಸಾಲು ಬರೆಯುವುದು. ಆತುರಕ್ಕೆ ಬಿದ್ದು ಐದು ದಿನಕ್ಕೊಂದು ಸಾಲು ಮಾಡಿದರೆ ಮಾತ್ರ ಮೋಸವಾಗುತ್ತದೆ. ಆಗ ಪ್ರತಿ ಸುದ್ದಿಯೂ ಐದು ದಿನ ಬದಲಾಗದೆ ಕೂರುವುದರಿಂದ, ನಾವೇ ಅರಿಯದೆ ವಿಳಂಬವನ್ನು ಹೆಚ್ಚಿಸಿದಂತೆ. ಐದು ದಿನದ ಹೆಜ್ಜೆಯಲ್ಲಿ ಗಡಿ 1.57ರಿಂದ 1.24ಕ್ಕೆ ಜಾರುತ್ತದೆ. rτ 1.4 ಇದ್ದು ನಿಜದಲ್ಲಿ ಶಾಂತವಾಗಬೇಕಾದ ಪಂಜರವು ಹಾಳೆಯ ಮೇಲೆ ಎಂದೆಂದಿಗೂ ತೂಗಾಡುತ್ತದೆ. ಒಂದು ದಿನದ ಹೆಜ್ಜೆಯಲ್ಲಿ ಗಡಿ 1.49, ಅಷ್ಟೇನೂ ಕೆಡುಕಿಲ್ಲ. ನಿಮ್ಮ ಏರಿಳಿತ ಸಮೀಕರಣದ್ದೋ ಹೆಜ್ಜೆಯದ್ದೋ ಎಂದು ತಿಳಿಯಲು ಹೆಜ್ಜೆಯನ್ನು ಅರ್ಧಕ್ಕಿಳಿಸಿ ಮತ್ತೆ ಲೆಕ್ಕ ಹಾಕಿ. ನಿಜದ ಅಲೆ ಅಲ್ಲೇ ಇರುತ್ತದೆ, ಸುಳ್ಳಿನ ಅಲೆ ಕರಗುತ್ತದೆ.

ಮತ್ತೆ ಕ್ಯಾನ್‌ಬೆರಾದ ಪಂಜರಕ್ಕೆ. 1970ರ ದಶಕದಲ್ಲಿ ರಾಬರ್ಟ್ ಮೇ, ಅವರೂ ಆಸ್ಟ್ರೇಲಿಯಾದವರೇ, ಭೌತವಿಜ್ಞಾನದಿಂದ ಪರಿಸರ ವಿಜ್ಞಾನಕ್ಕೆ ಬಂದವರು, ಹಚಿನ್ಸನ್ ಸಮೀಕರಣವನ್ನು ನಿಕಲ್ಸನ್ ಅವರ ಅಂಕಿಗಳ ಮೇಲಿಟ್ಟು ನೋಡಿದರು. rτ ಅನ್ನು 2.1 ಎಂದು ಹಿಡಿದರೆ ರೇಖೆ ಚೆನ್ನಾಗಿಯೇ ಕೂರುತ್ತದೆ. ಆ ಬೆಲೆಗೆ ಸಮೀಕರಣ ಹೇಳುವ ಸುತ್ತು ವಿಳಂಬದ ಸುಮಾರು 4.5ರಷ್ಟು, ಶಿಖರ ತಗ್ಗಿನ ಸುಮಾರು 84 ಪಟ್ಟು. ಪಂಜರದಲ್ಲಿ ಕಂಡ ಸುತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ವಿಳಂಬ 9 ದಿನದ ಆಸುಪಾಸಿಗೆ ಬರುತ್ತದೆ.

ಎರಡೇ ಅಂಕಿಗಳನ್ನು ಸರಿಹೊಂದಿಸಿ ಇಷ್ಟು ದೊಡ್ಡ ಏರಿಳಿತವನ್ನು ಹಿಡಿದದ್ದು ನಿಜಕ್ಕೂ ಸೊಗಸು. ಆದರೆ ಇಲ್ಲೇ ಒಂದು ಮುಳ್ಳು ಚುಚ್ಚುತ್ತದೆ. ಮೊಟ್ಟೆ ಮೊಟ್ಟೆ ಇಡುವ ನೊಣವಾಗಲು ಒಂಬತ್ತು ದಿನ ಸಾಲದು, ಸುಮಾರು ಹದಿನೈದು ಬೇಕು. ರೇಖೆ ಚೆನ್ನಾಗಿ ಕೂತಿತೆಂಬುದೇ ಸಾಕ್ಷಿಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಸಮೀಕರಣದೊಳಗಿನ ಅಕ್ಷರಕ್ಕೆ ಪಂಜರದಲ್ಲಿ ಒಂದು ಅರ್ಥ ಇರಬೇಕು, ಆ ಅರ್ಥವನ್ನು ಬೇರೆ ದಾರಿಯಿಂದ ಅಳೆದಾಗಲೂ ಅದೇ ಉತ್ತರ ಬರಬೇಕು. ಇಲ್ಲಿ ಬರಲಿಲ್ಲ.

ತಪ್ಪು ವಿಳಂಬವನ್ನು ಎಲ್ಲಿಟ್ಟೆವು ಎಂಬುದರಲ್ಲಿದೆ. ಹಚಿನ್ಸನ್ ಸಮೀಕರಣವನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಇಂದಿರುವ ನೊಣಗಳ ಹುಟ್ಟು-ಸಾವಿನ ದರವನ್ನು ಅದು ಹಳೆಯ ಜಂಗುಳಿಗೆ ಕಟ್ಟುತ್ತದೆ. 35ನೇ ದಿನ ಪಂಜರದಲ್ಲಿ ಬರೀ 170 ನೊಣ, ಎದುರಿಗೆ ತಟ್ಟೆ ತುಂಬ ಆಹಾರ. ಆದರೂ ಹತ್ತು ದಿನ ಹಿಂದಿನ ಜಂಗುಳಿಯ ಕಾರಣಕ್ಕೆ ಅವು ಇಂದು ಸಾಯುತ್ತವೆ ಎನ್ನುತ್ತದೆ ಸಮೀಕರಣ. ನೊಣಗಳು ಹಾಗೆ ಸಾಯುವುದಿಲ್ಲ. ಸಾವಿಗೆ ತಡವಿಲ್ಲ, ಇಂದು ಇರುವವುಗಳಲ್ಲಿ ಇಂತಿಷ್ಟು ಪಾಲು ಇಂದು ಸಾಯುತ್ತವೆ. ತಡವಿರುವುದು ಹುಟ್ಟಿನಲ್ಲಿ ಮಾತ್ರ. ಅಂದು ಎಷ್ಟು ನೊಣಗಳಿದ್ದವು, ಅವುಗಳ ಪಾಲಿಗೆ ಎಷ್ಟು ಲಿವರ್ ಸಿಕ್ಕಿತು ಎಂಬುದರ ಮೇಲೆ ಅಂದಿನ ಮೊಟ್ಟೆ, ಅಂದಿನ ಮೊಟ್ಟೆಯೇ ಇಂದಿನ ಹೊಸ ನೊಣ.

ಸ್ಕಾಟ್ಲೆಂಡಿನ ಗರ್ನಿ, ಬ್ಲೈತ್, ನಿಸ್ಬೆಟ್ 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಹಾಗೆಯೇ ಬರೆದರು:

dN/dt = P N(t−τ) exp[−N(t−τ)/N₀] − δ N(t)

ಉದ್ದ ಕಂಡರೂ ಮಾತು ಎರಡೇ. ಮೈನಸ್ ಗುರುತಿನ ಈಚಿನದು τ ಹಿಂದೆ ಇಟ್ಟ ಮೊಟ್ಟೆಗಳಿಂದ ಇಂದು ರೆಕ್ಕೆ ಬಿಚ್ಚುವ ನೊಣಗಳು, ಆಚಿನದು ಇಂದಿನ ಸಾವು. exp ಇರುವ ತುಂಡು ಲಿವರ್ ಹಂಚಿಕೆಯ ಕತೆ ಹೇಳುತ್ತದೆ. N₀ ಎಂದರೆ ಮೊಟ್ಟೆಗಳ ಒಟ್ಟು ಮೊತ್ತ ಅತಿ ಹೆಚ್ಚಾಗುವ ನೊಣಸಂಖ್ಯೆ. ನಿಕಲ್ಸನ್ ಅವರ ಪಂಜರಕ್ಕೆ ಅದು 600 ಎಂದು ಇವರು ಲೆಕ್ಕ ಹಾಕಿದರು. 600 ನೊಣಗಳಿದ್ದಾಗ ದಿನದ ಮೊಟ್ಟೆಗಳನ್ನು 100 ಪಾಲು ಎಂದಿಟ್ಟುಕೊಂಡರೆ, 1,200 ನೊಣಗಳಿದ್ದಾಗ ಅದು 74 ಪಾಲಿಗಿಳಿಯುತ್ತದೆ, 3,000ಕ್ಕೆ 9 ಪಾಲು, 6,000ಕ್ಕೆ ಒಂದು ಪಾಲಿನ ಎಂಟನೇ ಒಂದರಷ್ಟು. ಹತ್ತು ಪಟ್ಟು ತಾಯಂದಿರು ಸೇರಿದರೆ ಮೊಟ್ಟೆ ಹೆಚ್ಚುವುದಿಲ್ಲ, ಬಹುತೇಕ ಇಲ್ಲವಾಗುತ್ತದೆ.

ಈ ಸಮೀಕರಣವನ್ನು ಅಂಕಿಗಳ ಮೇಲಿಟ್ಟಾಗ ಬಂದ ವಿಳಂಬ 14.8 ದಿನ. ನೊಣ ಬೆಳೆಯಲು ನಿಜವಾಗಿ ಬೇಕಾದ ಕಾಲಕ್ಕೆ ಇದು ಹೊಂದುತ್ತದೆ. ಸುತ್ತು ಈಗ ವಿಳಂಬದ ನಾಲ್ಕರಷ್ಟಲ್ಲ, ಎರಡೂವರೆಯಷ್ಟು, ಏಕೆಂದರೆ ಸಾವು ತಡವಿಲ್ಲದೆ ನಡೆಯುವುದರಿಂದ ಶಿಖರದ ನಂತರದ ಇಳಿಕೆ ಸುದ್ದಿಗಾಗಿ ಕಾಯುವುದಿಲ್ಲ. ಇನ್ನೊಂದು ಪುರಾವೆ ನನಗೆ ಇದಕ್ಕಿಂತಲೂ ಹಿಡಿಸುತ್ತದೆ. ನಿಕಲ್ಸನ್ ಅವರ ದಾಖಲೆಯಲ್ಲಿ ಪ್ರತಿ ಸುತ್ತಿನಲ್ಲೂ ಮೊಟ್ಟೆಗಳ ರೇಖೆಗೆ ಒಂದಲ್ಲ, ಎರಡು ಗುಡ್ಡ. ಸಂಖ್ಯೆ ಇಳಿಯುತ್ತಾ 600ರ ಆಸುಪಾಸು ಹಾದುಹೋಗುವಾಗ ಮೊಟ್ಟೆ ಒಮ್ಮೆ ಉಕ್ಕುತ್ತದೆ. ನೊಣಗಳು ತೀರಾ ಕಡಿಮೆಯಾದಾಗ, ಎಷ್ಟು ತಿಂದರೂ ಇಡುವ ತಾಯಂದಿರೇ ಇಲ್ಲದೆ, ತಗ್ಗುತ್ತದೆ. ಮತ್ತೆ ಏರುತ್ತಾ 600 ಹಾದುಹೋಗುವಾಗ ಇನ್ನೊಮ್ಮೆ ಉಕ್ಕುತ್ತದೆ. ಹೊಸ ಸಮೀಕರಣ ಈ ಜೋಡಿ ಗುಡ್ಡವನ್ನು ಯಾರೂ ಕೇಳದೆಯೇ ಬಿಡಿಸಿಟ್ಟಿತು. ಹಚಿನ್ಸನ್ ಸಮೀಕರಣದಲ್ಲಿ ಮೊಟ್ಟೆ, ಸಾವು ಎಂಬ ಪ್ರತ್ಯೇಕ ಲೆಕ್ಕವೇ ಇಲ್ಲದ್ದರಿಂದ ಅದಕ್ಕೆ ಈ ಪ್ರಶ್ನೆ ಕೇಳುವುದೂ ಸಾಧ್ಯವಿಲ್ಲ.

ಎರಡೂ ಸಮೀಕರಣಗಳಿಗೆ ಸಮಾನವಾದ ಒಂದು ಮಿತಿ ಇದೆ. ಇವು ನೊಣವನ್ನು ಎಣಿಸುವುದಿಲ್ಲ, ನೀರಿನಂತೆ ಅಳೆಯುತ್ತವೆ. ಹಚಿನ್ಸನ್ ಸಮೀಕರಣದಲ್ಲಿ rτ 2.5 ಆದರೆ ಶಿಖರ ತಗ್ಗಿನ ಸುಮಾರು 2,900 ಪಟ್ಟು. ಶಿಖರದಲ್ಲಿ 5,000 ನೊಣಗಳಿದ್ದರೆ ತಗ್ಗಿನಲ್ಲಿ ಎರಡೂ ಇಲ್ಲ. ಒಂದೂಮುಕ್ಕಾಲು ನೊಣದಿಂದ ಸಮೀಕರಣ ಸಲೀಸಾಗಿ ಮೇಲೇಳುತ್ತದೆ, ಪಂಜರ ಏಳುವುದಿಲ್ಲ. ಉಳಿದದ್ದು ಒಂದೇ ಗಂಡು ನೊಣವಾಗಿದ್ದರೆ ಅಲ್ಲಿಗೆ ವಂಶ ಮುಗಿಯಿತು. ತಗ್ಗು ಹತ್ತಿಪ್ಪತ್ತಕ್ಕಿಂತ ಕೆಳಗಿಳಿಯುವಲ್ಲಿ ಈ ಸಮೀಕರಣಗಳ ಮಾತನ್ನು ನಂಬಬಾರದು.

ನಿಕಲ್ಸನ್ ಅವರ ದಾಖಲೆಯ ಮೊದಲ ವರ್ಷದ ಅಲೆಗಳು ಅಚ್ಚುಕಟ್ಟಾಗಿವೆ. ಆಮೇಲಿನವು ಮಸುಕಾಗುತ್ತವೆ, ಶಿಖರಗಳು ತಗ್ಗುತ್ತವೆ, ತಗ್ಗುಗಳು ತುಂಬಿಕೊಳ್ಳುತ್ತವೆ, ಲಯ ತಪ್ಪುತ್ತದೆ. ಲಿವರ್ ಅದೇ ಅರ್ಧ ಗ್ರಾಂ, ತಾಪಮಾನ ಅದೇ. ಬದಲಾದದ್ದು ನೊಣ. ಪ್ರತಿ ಸುತ್ತಿನ ಜಂಗುಳಿಯಲ್ಲೂ ಬಹುತೇಕ ಹೆಣ್ಣುಗಳು ಮೊಟ್ಟೆಯಿಲ್ಲದೆ ಸಾಯುತ್ತಿದ್ದಾಗ, ತೀರಾ ಕಡಿಮೆ ಪ್ರೋಟೀನ್‌ನಲ್ಲೂ ನಾಲ್ಕಾರು ಮೊಟ್ಟೆ ಇಡಬಲ್ಲ ಅಪರೂಪದ ಹೆಣ್ಣುಗಳ ಸಂತಾನ ಮಾತ್ರ ಮುಂದುವರಿಯಿತು. ಪಂಜರದಲ್ಲಿ ಬಹುಕಾಲ ಕಳೆದ ನೊಣಗಳು ಮೊದಲಿನವಕ್ಕಿಂತ ಕಡಿಮೆ ಆಹಾರದಲ್ಲಿ ಮೊಟ್ಟೆ ಇಡಬಲ್ಲವಾಗಿದ್ದವು ಎಂದು ನಿಕಲ್ಸನ್ ಅವರೇ ಗುರುತಿಸಿದ್ದರು. 1988ರಲ್ಲಿ ಗರ್ನಿ, ನಿಸ್ಬೆಟ್ ಮತ್ತವರ ಸಂಗಡಿಗರು ದಾಖಲೆಯನ್ನು ತುಂಡು ತುಂಡಾಗಿ ಬಿಡಿಸಿ ಅದೇ ಸಮೀಕರಣದಿಂದ ಅಳೆದಾಗ, ಕಾಲ ಸರಿದಂತೆ ಪಂಜರವು ನಿಲ್ಲದ ಏರಿಳಿತದ ವಲಯದಿಂದ ಗಡಿಯತ್ತ, ಶಾಂತಿಯ ಕಡೆಗೆ ಸರಿಯುತ್ತಿದ್ದದ್ದು ಕಂಡಿತು. τ ಮಾತ್ರ ಇದ್ದಲ್ಲೇ ಇತ್ತು. ಮೊಟ್ಟೆ ನೊಣವಾಗಲು ಆಗಲೂ ಅದೇ ಎರಡು ವಾರ.